ಗಡುವಿನೊಳಗೆ ಒಂದು ಹಿಂಬರಹ

ಕಂದಾಯ ಇಲಾಖೆಗೆ ಕೇಸ್ ವರ್ಕರ್ ಆಗಿ ಸೇರಿದವನು ನಾನು. ನಾಡಕಚೇರಿಯ ಉಪತಹಶೀಲ್ದಾರ್ ಆಗಿ ನಿವೃತ್ತನಾದೆ. ಕೈಬರಹದ ಪಹಣಿಯನ್ನೂ ನೋಡಿದ್ದೇನೆ, ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ಸಕಾಲ ಯೋಜನೆಯ ರ‍್ಯಾಂಕ್ ಪಟ್ಟಿಯನ್ನೂ ನೋಡಿದ್ದೇನೆ.

ಕಂಪ್ಯೂಟರ್ ಬಂದ ಮೇಲೆ ಹಳೇ ಅಧಿಕಾರಶಾಹಿ ಹೋಯಿತು ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆಯನ್ನೇ ನೋಡಿ. ಅದಕ್ಕೆ ಮುಂಚೆ ಪಹಣಿ ಇರುತ್ತಿದ್ದದ್ದು ಗ್ರಾಮಲೆಕ್ಕಿಗರ ಹತ್ತಿರ. ಯಾರ ಖಾತೆ ಮೊದಲು ಆಗಬೇಕು ಅನ್ನೋದು ಅವರ ಮರ್ಜಿ. ಭೂಮಿಯಲ್ಲಿ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು. ಯಾರ ಮುಖವನ್ನೂ ನೋಡದೆ ನಿಯಮದ ಪ್ರಕಾರ ಕೆಲಸ ಮಾಡುವ ಕಚೇರಿ ಅಂತ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬರೆದದ್ದು ಇದನ್ನೇ ಅಲ್ವಾ? ಕಾಗದದಲ್ಲಿ ಆಗದಿದ್ದದ್ದನ್ನು ಸಾಫ್ಟ್‌ವೇರ್ ಮಾಡಿಸಿತು.

ಸಕಾಲದ ಜಾಯಮಾನ ಬೇರೆ. 1980ರ ದಶಕದಲ್ಲಿ ಬ್ರಿಟನ್‌ನಂಥ ಕಡೆ ಹುಟ್ಟಿದ ಹೊಸ ಸಾರ್ವಜನಿಕ ನಿರ್ವಹಣೆಯ ಬುದ್ಧಿ ಅದರದ್ದು. ಜನರನ್ನು ಗ್ರಾಹಕರಂತೆ ನೋಡಿ, ಗುರಿ ಕೊಡಿ, ಅಳೆಯಿರಿ, ತಪ್ಪಿದರೆ ದಂಡ ಹಾಕಿ. ನಮ್ಮ ಸಕಾಲ ಕಾಯ್ದೆ 2011ರದ್ದು, ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ, ಅವತ್ತಿನಿಂದ ದಿನ ಎಣಿಕೆ ಶುರು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500.

ನಾನು ಮೇಲುಸ್ತುವಾರಿಗೆ ಬಂದಾಗ ನಮ್ಮ ಕಚೇರಿಯ ಅಂಕಿಅಂಶ ಚೆನ್ನಾಗಿತ್ತು. ಗಡುವು ಮೀರಿದ ಅರ್ಜಿ ಇಲ್ಲವೇ ಇಲ್ಲ ಅನ್ನುವಷ್ಟು. ಆದರೆ ಹೊರಗೆ ಜಗಲಿಯ ಮೇಲೆ ಮಾತ್ರ ಅದೇ ಮುಖಗಳು. ಹಾಗಾಗಿ ವಿಲೇವಾರಿ ಪಟ್ಟಿಯನ್ನು ಎರಡು ರೀತಿಯಲ್ಲಿ ತೆಗೆಸಿದೆ.

ಮೊದಲನೆಯದು, ತಿರಸ್ಕಾರವಾದ ಅರ್ಜಿಗಳನ್ನು ಎಷ್ಟನೇ ದಿನ ತಿರಸ್ಕರಿಸಿದ್ದಾರೆ ಅಂತ ಜೋಡಿಸಿದೆ. ದಾಖಲೆ ಇಲ್ಲ ಅನ್ನೋದು ಮೂರ್ನಾಲ್ಕು ದಿನದಲ್ಲೇ ಗೊತ್ತಾಗಬೇಕು. ಇಲ್ಲಿ ಹಾಗಿರಲಿಲ್ಲ. 21 ದಿನದ ಗಡುವು ಇದೆ ಅಂದುಕೊಳ್ಳಿ, ತಿರಸ್ಕಾರ ತಿಳಿಸುವ ಹಿಂಬರಹವೆಲ್ಲ 19, 20ನೇ ದಿನಕ್ಕೇ ಗುಂಪುಕಟ್ಟಿತ್ತು. ಕಾರಣದ ಜಾಗದಲ್ಲಿ ‘ದಾಖಲೆ ಅಪೂರ್ಣ’ ಅಷ್ಟೇ. ವ್ಯವಸ್ಥೆಯ ಲೆಕ್ಕದಲ್ಲಿ ಅದೂ ಸಕಾಲದಲ್ಲಿ ಆದ ವಿಲೇವಾರಿ! ಅರ್ಜಿದಾರ ಮತ್ತೆ ಅರ್ಜಿ ಹಾಕಿದರೆ ಹೊಸ ಸಂಖ್ಯೆ, ಮತ್ತೆ ಒಂದನೇ ದಿನದಿಂದ ಲೆಕ್ಕ.

ಎರಡನೆಯದು, ಅರ್ಜಿಯ ಮೇಲೆ ಅರ್ಜಿದಾರರೇ ಬರೆದ ತಾರೀಖನ್ನು ಜಿಎಸ್‌ಸಿ ತಾರೀಖಿನ ಪಕ್ಕದಲ್ಲಿಟ್ಟು ನೋಡಿದೆ. ಒಂದು ಪೌತಿ ಖಾತೆ ಅರ್ಜಿ ನೆನಪಿದೆ. ಗಂಡ ತೀರಿಕೊಂಡಿದ್ದರು, ಜಮೀನನ್ನು ಹೆಂಡತಿ ಮಕ್ಕಳ ಹೆಸರಿಗೆ ಮಾಡಬೇಕಿತ್ತು. ಅರ್ಜಿಯಲ್ಲಿದ್ದ ತಾರೀಖಿಗೂ ಸಂಖ್ಯೆ ಕೊಟ್ಟ ತಾರೀಖಿಗೂ ತಿಂಗಳಿಗಿಂತ ಜಾಸ್ತಿ ಅಂತರ. ಅಷ್ಟು ದಿನ ಅದು ಮೇಜಿನ ಖಾನೆಯಲ್ಲಿತ್ತು. ವಂಶವೃಕ್ಷ ತನ್ನಿ, ಆಮೇಲೆ ಎಂಟ್ರಿ ಮಾಡ್ತೀವಿ ಅಂತ ಬಾಯಲ್ಲೇ ಹೇಳಿ ಕಳಿಸಿದ್ದರು. ಕೆಲಸ ಎಲ್ಲಾ ಮುಗಿದ ಮೇಲೆ ಗಡಿಯಾರ ಚಾಲೂ ಮಾಡಿದರೆ ಯಾವ ಗಡುವು ತಾನೇ ಮೀರುತ್ತೆ?

ಹುಡುಗರನ್ನು ಬೈದು ಪ್ರಯೋಜನವಿರಲಿಲ್ಲ. ಒಬ್ಬ ಗ್ರಾಮಲೆಕ್ಕಿಗನ ಕೈಲಿ ಹಲವು ಹಳ್ಳಿ, ಜೊತೆಗೆ ಚುನಾವಣೆ, ಬೆಳೆ ಸಮೀಕ್ಷೆ, ಪರಿಹಾರದ ಪಟ್ಟಿ. ಗುರಿ ಬಂತು, ಕೈಗಳು ಹೆಚ್ಚಲಿಲ್ಲ.

ನಾನು ಮಾಡಿದ್ದು ಹಳೇ ಕಾಲದ ಕೆಲಸವೇ. ಕೌಂಟರ್‌ನಲ್ಲಿ ಇನ್‌ವರ್ಡ್ ಪುಸ್ತಕ ಮತ್ತೆ ಇಡಿಸಿದೆ. ಸಂಜೆ ಅದರ ಸಾಲುಗಳೂ ಅವತ್ತಿನ ಜಿಎಸ್‌ಸಿ ಸಂಖ್ಯೆಗಳೂ ತಾಳೆಯಾಗಬೇಕು. ಹಿಂಬರಹದಲ್ಲಿ ಯಾವ ದಾಖಲೆ ಬೇಕು ಅಂತ ಹೆಸರು ಬರೆಯದಿದ್ದರೆ ನಾನು ಒಪ್ಪಿಗೆ ಕೊಡುತ್ತಿರಲಿಲ್ಲ. ಗಡುವಿನ ಕೊನೇ ವಾರದ ತಿರಸ್ಕಾರವಾದರೆ ಕಡತ ನನ್ನ ಮುಂದೆ ಬರಲೇಬೇಕು.

ಫಲಿತಾಂಶ ಏನಾಯಿತು ಗೊತ್ತಾ? ನಮ್ಮ ಅಂಕಿಅಂಶ ಹಾಳಾಯಿತು. ಖಾನೆಯಲ್ಲಿದ್ದ ಅರ್ಜಿಗಳೆಲ್ಲ ಪರದೆಗೆ ಬಂದವು, ತಡವಾದದ್ದು ತಡ ಅಂತಲೇ ಕಾಣಿಸಿತು. ಮಾಸಿಕ ಸಭೆಯಲ್ಲಿ ನನ್ನನ್ನೇ ಎಬ್ಬಿಸಿ ನಿಲ್ಲಿಸಿ ಕೇಳಿದರು. ತಿರಸ್ಕಾರದ ಪ್ರಮಾಣ ನೋಡಿ ಸಾರ್ ಅಂದೆ. ಆ ಕಾಲಂ ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಎರಡನೇ ಸಲ, ಮೂರನೇ ಸಲ ಅರ್ಜಿ ಹಾಕುವವರು ನಿಧಾನವಾಗಿ ಕಡಿಮೆಯಾದರು, ಅದು ಕೌಂಟರ್‌ನಲ್ಲಿ ಕೂತವರಿಗೇ ಗೊತ್ತಾಗುತ್ತಿತ್ತು.

ಇನ್ನು ಆ 20 ರೂಪಾಯಿ. ಅದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ, ಮೇಲ್ಮನವಿಗೂ ದಾರಿ ಇದೆ. ನಮ್ಮಲ್ಲಿ ಕೇಳಿದವರು ಬಹಳ ಅಪರೂಪ. ಆ ಪೌತಿ ಖಾತೆಯ ಅಮ್ಮನಿಗೂ ಹೇಳಿದ್ದೆ. “ಬ್ಯಾಡ ಸಾಮಿ, ನಾಳೆ ವಿಧವಾ ವೇತನಕ್ಕೂ ಇದೇ ಲೆಕ್ಕಿಗ್ರ ಹತ್ರಾನೇ ಬರಬೇಕಲ್ಲ” ಅಂದರು.