ಬೋನಸ್, ಸ್ಪ್ಲಿಟ್ ಮತ್ತು ಹಳೆಯ ಬೆಲೆ: ಇನ್ಫೋಸಿಸ್ ಇಟ್ಟುಕೊಂಡು ನಾನು ಲೆಕ್ಕ ಕಟ್ಟಿದ ರೀತಿ

ನನ್ನ ಹತ್ತಿರ ಇರುವ ಬೆಲೆಗಳೆಲ್ಲ ಎನ್‌ಎಸ್‌ಇ ದಿನವೂ ಬಿಡುಗಡೆ ಮಾಡುವ ಭಾವ್‌ಕಾಪಿಯವು. ಅದರಲ್ಲಿರುವುದು ಆ ದಿನ ವಹಿವಾಟು ನಡೆದ ಬೆಲೆ. ಮುಂದೆ ಬೋನಸ್ ಬರುತ್ತದೆಂದು ಅದಕ್ಕೇನೂ ಗೊತ್ತಿಲ್ಲ. ಆ ಬೆಲೆಗಳನ್ನೇ ನೇರವಾಗಿ ಭಾಗಿಸಿ ರಿಟರ್ನ್ ತೆಗೆದರೆ, ಷೇರುದಾರನಿಗೆ ಒಂದು ಪೈಸೆ ನಷ್ಟವಾಗದ ದಿನವೂ ಶೇ. 50 ಕುಸಿತ ಕಾಣುತ್ತದೆ.

ಲೆಕ್ಕ ಸರಿಯಿದೆಯೇ ಎಂದು ನೋಡಲು ನಾನು ಆರಿಸಿಕೊಂಡದ್ದು ಇನ್ಫೋಸಿಸ್. 1993ರ ಐಪಿಒ ನಂತರ ಅದು 1994, 1997, 1999ರಲ್ಲಿ 1:1 ಬೋನಸ್ ಕೊಟ್ಟಿತು. 2000ದಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 5 ರೂಪಾಯಿಯ ಎರಡಾಗಿ ಒಡೆಯಿತು. 2004ರಲ್ಲಿ 3:1, ಆಮೇಲೆ 2006, 2014, 2015, 2018ರಲ್ಲಿ ಮತ್ತೆ 1:1.

ಇಲ್ಲಿ ಅನುಪಾತ ಓದುವ ಕ್ರಮ ಗಮನಿಸಿ. ನಮ್ಮಲ್ಲಿ 3:1 ಬೋನಸ್ ಎಂದರೆ ಕೈಲಿರುವ ಒಂದಕ್ಕೆ ಹೊಸದಾಗಿ ಮೂರು, ಒಟ್ಟು ನಾಲ್ಕು. ಹಾಗಾಗಿ ಗುಣಕ 3 ಅಲ್ಲ, 4. A:B ಬೋನಸ್‌ಗೆ ಗುಣಕ `(A+B)/B`. ಸ್ಪ್ಲಿಟ್‌ನಲ್ಲಾದರೆ ಹಳೆಯ ಮುಖಬೆಲೆಯನ್ನು ಹೊಸದರಿಂದ ಭಾಗಿಸಿದರೆ ಮುಗಿಯಿತು. ಬೋನಸ್‌ನಲ್ಲಿ ಮುಖಬೆಲೆ ಬದಲಾಗುವುದಿಲ್ಲ, ಆದ್ದರಿಂದ ಮುಖಬೆಲೆಯ ಕಾಲಂ ನೋಡಿ ಬೋನಸ್ ಹಿಡಿಯಲು ಆಗದು. ಮೇಲಿನ ಒಂಬತ್ತು ಗುಣಕಗಳನ್ನು ಗುಣಿಸಿದರೆ 1,024. ಅಂದಿನ ಒಂದು ಷೇರು ಇಂದು 1,024 ಷೇರು.

ಹಳೆಯ ಬೆಲೆಯನ್ನು ನಾನು ಎಂದೂ ತಿದ್ದುವುದಿಲ್ಲ. ಮೂಲ ಬೆಲೆಗೆ `px` ಎಂಬ ಒಂದು ಕೋಷ್ಟಕ, ಬೋನಸ್, ಸ್ಪ್ಲಿಟ್‌ನಂಥ ಘಟನೆಗಳಿಗೆ `ca` ಎಂಬ ಇನ್ನೊಂದು. ಪ್ರತಿ ಘಟನೆಯ ಗುಣಕ `m` ಕಾಲಂನಲ್ಲಿದೆ. ಲೆಕ್ಕದ ಹೊತ್ತಿಗೆ ಎರಡನ್ನೂ ಸೇರಿಸುತ್ತೇನೆ.

```python
px["f"] = 1.0
for e in ca.itertuples():
    px.loc[px["date"] < e.ex_date, "f"] *= e.m
px["adj"] = px["close"] / px["f"]
px["adj_vol"] = px["volume"] * px["f"]
```

ಇಡೀ ಕೆಲಸದ ಜೀವ ಆ `<` ಚಿಹ್ನೆಯಲ್ಲಿದೆ. ಎಕ್ಸ್-ಡೇಟ್ ಎಂದರೆ ಷೇರು ಕೊಂಡವರಿಗೆ ಆ ಬೋನಸ್ ಸಿಗದ ಮೊದಲ ದಿನ. ಅಂದು ಮಾರುಕಟ್ಟೆ ತೆರೆಯುವಾಗಲೇ ಬೆಲೆ ಇಳಿದಿರುತ್ತದೆ, ಹಾಗಾಗಿ ಆ ದಿನವನ್ನು ಮುಟ್ಟಬಾರದು. ಅದರ ಬದಲು, ಬೋನಸ್ ಯಾರಿಗೆಂದು ಕಂಪನಿ ಷೇರುದಾರರ ಪಟ್ಟಿ ನೋಡುವ ದಿನವಾದ ರೆಕಾರ್ಡ್ ಡೇಟ್ ಬಳಸಿದರೆ ಏನಾಗುತ್ತದೆಂದು 2018ರ ಬೋನಸ್‌ನಲ್ಲಿ ನೋಡಬಹುದು. ಆಗ ಎಕ್ಸ್-ಡೇಟ್ ಸೆಪ್ಟೆಂಬರ್ 4, ರೆಕಾರ್ಡ್ ಡೇಟ್ ಸೆಪ್ಟೆಂಬರ್ 5. ಸುಲಭಕ್ಕೆ 3ರಂದು 1,400, 4 ಮತ್ತು 5ರಂದು 700 ಎಂದಿಟ್ಟುಕೊಳ್ಳೋಣ. ರೆಕಾರ್ಡ್ ಡೇಟ್ ಹಾಕಿದರೆ 4ರ 700 ಕೂಡ ಅರ್ಧವಾಗಿ ಸಾಲು 700, 350, 700 ಆಗುತ್ತದೆ. ಒಂದು ದಿನ ಶೇ. 50 ಇಳಿಕೆ, ಮರುದಿನವೇ ಶೇ. 100 ಏರಿಕೆ: ಈ ಜೋಡಿ ಕಂಡರೆ ತಾರೀಕು ಒಂದು ದಿನ ಆಚೀಚೆ ಆಗಿದೆ ಎಂದೇ ಅರ್ಥ. 2023ರಲ್ಲಿ, ಕೊಂಡ ಷೇರು ಮುಂದಿನ ವಹಿವಾಟಿನ ದಿನವೇ ಖಾತೆಗೆ ಬರುವ ಟಿ+1 ಸೆಟಲ್‌ಮೆಂಟ್ ಪೂರ್ತಿ ಜಾರಿಗೆ ಬಂದ ಮೇಲೆ ಸಾಮಾನ್ಯವಾಗಿ ಎರಡೂ ಒಂದೇ ದಿನ ಬೀಳುತ್ತವೆ. ಹೊಸ ಡೇಟಾದಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ತೊಂದರೆ ಕಾಣಿಸುವುದೇ ಇಲ್ಲ.

ಘಟನೆಗಳ ಕೋಷ್ಟಕದಲ್ಲಿ ಒಂದು ಕಂಪನಿಗೆ ಒಂದು ದಿನ ಒಂದೇ ಸಾಲು ಎಂಬ ನಿಯಮ ಹಾಕಬೇಡಿ. ಬಜಾಜ್ ಫೈನಾನ್ಸ್ 2025ರ ಜೂನ್ 16ರಂದು 4:1 ಬೋನಸ್‌ಗೂ, 2 ರೂಪಾಯಿಯಿಂದ 1 ರೂಪಾಯಿಗೆ ಸ್ಪ್ಲಿಟ್‌ಗೂ ಒಟ್ಟಿಗೇ ಎಕ್ಸ್ ಆಯಿತು. 5 ಮತ್ತು 2 ಗುಣಿಸಿ 10 ಆಗಬೇಕು. ಒಂದು ಸಾಲು ಇನ್ನೊಂದನ್ನು ಅಳಿಸಿದರೆ 5 ಅಥವಾ 2 ಮಾತ್ರ ಉಳಿಯುತ್ತದೆ.

ಇನ್ನು ದಶಮಾಂಶ. ಇನ್ಫೋಸಿಸ್ ಐಪಿಒ ಬೆಲೆ 95 ರೂಪಾಯಿ. 1,024ರಿಂದ ಭಾಗಿಸಿದರೆ 0.09277. ಬೆಲೆ ತಾನೇ ಎಂದು ಎರಡು ಸ್ಥಾನಕ್ಕೆ ಕತ್ತರಿಸಿ 0.09 ಎಂದು ಉಳಿಸಿದರೆ ಅಲ್ಲೇ ಶೇ. 3 ವ್ಯತ್ಯಾಸ. ಆ ಕಾಲದ ದಿನದಿನದ ರಿಟರ್ನ್ ನೋಡಿದರಂತೂ ಬೆಲೆ ಹಲವು ದಿನ ಅಲುಗಾಡದೆ ನಿಂತು, ಆಮೇಲೆ ಒಮ್ಮೆಲೇ ಜಿಗಿದಂತೆ ಕಾಣುತ್ತದೆ. ಹಾಗಾಗಿ ನಾನು ದುಂಡು ಮಾಡುವುದು ತೆರೆಯ ಮೇಲೆ ತೋರಿಸುವಾಗ ಮಾತ್ರ.

ಕೊನೆಯಲ್ಲಿ, ಒಂದೇ ದಿನ ಶೇ. 30ಕ್ಕಿಂತ ಹೆಚ್ಚು ಏರಿಳಿತ ಉಳಿದಿರುವ ಸಾಲುಗಳನ್ನೆಲ್ಲ ಹೊರತೆಗೆದು, ಎಕ್ಸ್‌ಚೇಂಜಿನ ಕಾರ್ಪೊರೇಟ್ ಆಕ್ಷನ್ ಪಟ್ಟಿಯ ಜೊತೆ ಒಂದೊಂದಾಗಿ ಹೋಲಿಸುತ್ತೇನೆ. ಇದನ್ನು ಪ್ರೋಗ್ರಾಮಿಗೆ ಬಿಟ್ಟು, ಅರ್ಧಕ್ಕಿಳಿದರೆ ಬೋನಸ್ ಎಂದುಕೊಳ್ಳುವಂತೆ ಮಾಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಷೇರು ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಕುಸಿಯಿತು. ಅದು ಬೋನಸ್ ಅಲ್ಲ, ನಿಜವಾದ ನಷ್ಟ. ಅದನ್ನು 4ರಿಂದ ಭಾಗಿಸಿ ಸಪಾಟು ಮಾಡಿದರೆ ಹಣ ಕಳೆದುಕೊಂಡವರೇ ಲೆಕ್ಕದಿಂದ ಮಾಯವಾಗುತ್ತಾರೆ. ಡೀಮರ್ಜರ್, ರೈಟ್ಸ್ ಇಶ್ಯೂಗಳೂ ಈ ಪಟ್ಟಿಯಲ್ಲಿ ಸಿಗುತ್ತವೆ. ಅವುಗಳ ಗುಣಕ ಷೇರುಗಳ ಅನುಪಾತದಿಂದಷ್ಟೇ ಬರುವುದಿಲ್ಲ, ಬೆಲೆಯೂ ಬೇಕು. ಅವನ್ನು ನಾನು ಬೇರೆ ಕೋಷ್ಟಕದಲ್ಲಿ ಇಟ್ಟಿದ್ದೇನೆ.