ಉಚ್ಚಾರಣೆಗೆ 89 ಅಂಕ: ಆ್ಯಪ್ ನಿಜಕ್ಕೂ ಕೇಳಿಸಿಕೊಂಡಿದ್ದೇನು?

ಸ್ಪ್ಯಾನಿಷ್ ಭಾಷೆಯಲ್ಲಿ ‘ಪೆರೊ’ ಎಂದರೆ ‘ಆದರೆ’, ‘ಪೆರ್ರೊ’ ಎಂದರೆ ನಾಯಿ. ಮೊದಲನೆಯದರಲ್ಲಿ ನಾಲಿಗೆಯ ತುದಿ ಮೇಲಿನ ವಸಡಿಗೆ ಒಮ್ಮೆ ತಟ್ಟಿ ಇಳಿಯುತ್ತದೆ. ಎರಡನೆಯದರಲ್ಲಿ ಉಸಿರಿನ ರಭಸಕ್ಕೆ ಅದೇ ಜಾಗದಲ್ಲಿ ಎರಡು ಮೂರು ಸಲ ಅದುರುತ್ತದೆ. ‘ಕರ್ರಗೆ’ ಎಂದು ಒತ್ತಿ ಹೇಳಿದಾಗ ಬರುವ ಅದುರಿಗೆ ಇದು ಹತ್ತಿರ. ಹೊಸ ಭಾಷೆಯ ಉಚ್ಚಾರಣೆಯನ್ನು ಫೋನಿನ ಮುಂದೆ ಕುಳಿತು ತಿದ್ದಿಕೊಳ್ಳಲು ಹೊರಟವರಿಗೆ ಈ ಒಂದು ಜೋಡಿ ಪದ ಸಾಕು. ಯಂತ್ರ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಎನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಮೊದಲು: ವಾಯ್ಸ್ ಟೈಪಿಂಗ್ ಅನ್ನು ಪರೀಕ್ಷಕ ಎಂದುಕೊಳ್ಳಬೇಡಿ

ಹೆಚ್ಚಿನವರು ಶುರು ಮಾಡುವುದು ಹೀಗೆ: ಕೀಬೋರ್ಡಿನ ಭಾಷೆಯನ್ನು ಸ್ಪ್ಯಾನಿಷ್‌ಗೆ ಬದಲಿಸಿ, ಮೈಕ್ ಒತ್ತಿ ‘ತೆಂಗೊ ಉನ್ ಪೆರ್ರೊ’ ಎನ್ನುತ್ತಾರೆ. ‘ನನ್ನ ಹತ್ತಿರ ಒಂದು ನಾಯಿ ಇದೆ’ ಎಂದು ಅರ್ಥ. ಪರದೆಯ ಮೇಲೆ `Tengo un perro` ಎಂದು ಸರಿಯಾಗಿ ಮೂಡಿದರೆ ಉಚ್ಚಾರಣೆಯೂ ಸರಿ ಇತ್ತು ಎಂದುಕೊಳ್ಳುತ್ತಾರೆ.

ಅದು ಹಾಗಲ್ಲ. ವಾಯ್ಸ್ ಟೈಪಿಂಗ್ ಇರುವುದು ನೀವು ಹೇಳಹೊರಟಿದ್ದನ್ನು ಊಹಿಸುವುದಕ್ಕೆ. ಕಿವಿಗೆ ಬಿದ್ದ ಸದ್ದಿನ ಜೊತೆಗೆ, ಯಾವ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನೂ ಅದು ಲೆಕ್ಕ ಹಾಕುತ್ತದೆ. ‘ನನ್ನ ಹತ್ತಿರ ಒಂದು’ ಎಂದ ಮೇಲೆ ‘ನಾಯಿ’ ಬರುವುದು ಸಹಜ, ‘ಆದರೆ’ ಬರುವುದು ಅಪರೂಪ. ಹಾಗಾಗಿ ನೀವು ‘ಪೆರೊ’ ಎಂದಿದ್ದರೂ ಅದು ತಾನೇ ತಿದ್ದಿ ನಾಯಿ ಎಂದೇ ಬರೆಯಬಹುದು. ತಿರುವುಮುರುವೂ ಆಗುತ್ತದೆ: ‘ಪೆರ್ರೊ’ ಎಂದಷ್ಟೇ ಹೇಳಿದರೆ, ಮಾತಿನಲ್ಲಿ ಹೆಚ್ಚು ಬಳಕೆಯಾಗುವ `pero` ಮೂಡಬಹುದು. ನಿಮ್ಮದೇನೂ ತಪ್ಪಿಲ್ಲದೆ ನಿಮ್ಮನ್ನು ನೀವೇ ಬೈದುಕೊಳ್ಳುವಂತಾಗುತ್ತದೆ.

ಕೈಯಲ್ಲಿ ಬೇರೇನೂ ಇಲ್ಲದಿದ್ದರೆ, ಎರಡೂ ಪದಗಳು ಸಮನಾಗಿ ಹೊಂದುವ ವಾಕ್ಯ ಆರಿಸಿಕೊಳ್ಳಿ. ‘ದಿಗೊ ಪೆರೊ’, ‘ದಿಗೊ ಪೆರ್ರೊ’ ಎಂದರೆ ‘ನಾನು ಈ ಪದ ಹೇಳುತ್ತೇನೆ’ ಎಂದಷ್ಟೇ. ಇಲ್ಲಿ ಊಹೆಗೆ ಆಸರೆ ಕಡಿಮೆ, ಸದ್ದಿಗೆ ಬೆಲೆ ಹೆಚ್ಚು.

ಅಂಕ ಹುಟ್ಟುವ ಬಗೆ

ಉಚ್ಚಾರಣೆಗೆಂದೇ ಮಾಡಿದ ಆ್ಯಪ್‌ನ ದಾರಿ ಬೇರೆ. ನೀವು ಓದಬೇಕಾದ ವಾಕ್ಯ ಅದಕ್ಕೆ ಮೊದಲೇ ಗೊತ್ತಿರುತ್ತದೆ. ಧ್ವನಿಮುದ್ರಣವನ್ನು ಅದು ಸಾಮಾನ್ಯವಾಗಿ ಸೆಕೆಂಡಿನ ನೂರನೇ ಒಂದು ಭಾಗದಷ್ಟು, ಎಂದರೆ 10 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ನೋಡುತ್ತಾ ಹೋಗುತ್ತದೆ. ವಾಕ್ಯದ ಯಾವ ಧ್ವನಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಗೆರೆ ಎಳೆಯುತ್ತದೆ. ಆಮೇಲೆ ಪ್ರತಿ ತುಂಡಿನಲ್ಲೂ ಒಂದೇ ಪ್ರಶ್ನೆ: ಇಲ್ಲಿ ಇರಬೇಕಾಗಿದ್ದ ಧ್ವನಿಯ ಸಂಭವ ಎಷ್ಟು, ಎಲ್ಲ ಧ್ವನಿಗಳ ಪೈಕಿ ಮುಂದಿರುವುದರ ಸಂಭವ ಎಷ್ಟು? ಸಿಲ್ಕೆ ವಿಟ್ ಮತ್ತು ಸ್ಟೀವ್ ಯಂಗ್ 2000ದಲ್ಲಿ ಪ್ರಕಟಿಸಿದ ‘ಗುಡ್‌ನೆಸ್ ಆಫ್ ಪ್ರೊನನ್ಸಿಯೇಷನ್’ ಎಂಬ ವಿಧಾನದ ತಿರುಳು ಇದೇ. ನಂತರ ಬಂದ ಹಲವು ವಿಧಾನಗಳು ಇದರ ಮೇಲೇ ಕಟ್ಟಿಕೊಂಡಿವೆ.

ನಮ್ಮ ಪದಕ್ಕೆ ಹಚ್ಚಿ ನೋಡೋಣ. ‘ಪೆರ್ರೊ’ ಎನ್ನಬೇಕಾದಲ್ಲಿ ನಾಲಿಗೆ ಒಂದೇ ಸಲ ತಟ್ಟಿತು ಎಂದುಕೊಳ್ಳಿ. ಆ ತುಂಡಿನಲ್ಲಿ ಅದುರುವ ‘ರ್ರ’ದ ಸಂಭವ 0.2, ಒಂಟಿ ‘ರ’ದ ಸಂಭವ 0.6 ಎಂದು ಯಂತ್ರ ಲೆಕ್ಕ ಹಾಕಿತು. 0.2ನ್ನು 0.6ರಿಂದ ಭಾಗಿಸಿದರೆ ಮೂರನೇ ಒಂದು ಭಾಗ. ಸ್ವಾಭಾವಿಕ ಲಾಗರಿದಮ್‌ನಲ್ಲಿ ಸುಮಾರು −1.1. ಸರಿಯಾಗಿ ಅದುರಿಸಿದ್ದರೆ ‘ರ್ರ’ವೇ ಎಲ್ಲಕ್ಕಿಂತ ಮುಂದಿರುತ್ತಿತ್ತು, ಲೆಕ್ಕ ಸೊನ್ನೆಗೆ ಬರುತ್ತಿತ್ತು. ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಅನುಮಾನ ಹೆಚ್ಚು. ಈ ಸಂಖ್ಯೆಯನ್ನು ನೂರರ ಅಳತೆಗೆ ತರುವಾಗ, ಕಲಿಯುವವರ ಮಾತು ಕೇಳಿ ಮನುಷ್ಯರು ಹಿಂದೆ ಕೊಟ್ಟಿದ್ದ ಅಂಕಗಳಿಗೆ ಹೊಂದಿಸುತ್ತಾರೆ. ಆ ಕಲಿಯುವವರು ಯಾರು ಎಂಬುದೂ ಇಲ್ಲಿ ಮುಖ್ಯ. ಉದಾಹರಣೆಗೆ, ಇಂಗ್ಲಿಷ್ ಕಲಿಕೆಗೆ ಸಂಬಂಧಿಸಿದ ‘ಸ್ಪೀಚ್‌ಓಷನ್762’ ಎಂಬ ಮುಕ್ತ ಸಂಗ್ರಹದಲ್ಲಿ 250 ಜನರ 5,000 ವಾಕ್ಯಗಳಿಗೆ ಐವರು ತಜ್ಞರು ಅಂಕ ಹಾಕಿದ್ದಾರೆ. ಮಾತಾಡಿದವರೆಲ್ಲರ ತಾಯ್ನುಡಿ ಮ್ಯಾಂಡರಿನ್. ಬೇರೆ ತಾಯ್ನುಡಿಯವರು ಮಾಡುವ ತಪ್ಪುಗಳು ಇಂಥ ಸಂಗ್ರಹದಲ್ಲಿ ಸಿಗದೇ ಹೋಗಬಹುದು.

ಸರಾಸರಿಯಲ್ಲಿ ಮುಳುಗುವ ತಪ್ಪು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಇಲ್ಲಿ. ‘ತೆಂಗೊ ಉನ್ ಪೆರ್ರೊ’ ವಾಕ್ಯದಲ್ಲಿ 11 ಧ್ವನಿಗಳಿವೆ. ಹತ್ತಕ್ಕೆ ತಲಾ 95, ‘ರ್ರ’ಕ್ಕೆ ಮಾತ್ರ 30 ಬಂತು ಎನ್ನಿ. ಸರಳ ಸರಾಸರಿ ತೆಗೆದರೆ ವಾಕ್ಯಕ್ಕೆ 89. ಪದದ ಮಟ್ಟಕ್ಕೆ ಇಳಿದರೆ 79. ಎರಡೂ ಹಸಿರು ಬಣ್ಣದಲ್ಲಿ ಕಾಣಬಹುದು. ಆದರೆ ನೀವು ಹೇಳಿದ್ದು ‘ನನ್ನ ಹತ್ತಿರ ಒಂದು ಆದರೆ ಇದೆ’ ಎಂದು! ಆದ್ದರಿಂದ ವಾಕ್ಯದ ಅಂಕ ಬಿಟ್ಟುಬಿಡಿ. ಪದವನ್ನು ಒತ್ತಿ, ಒಂದೊಂದು ಧ್ವನಿಯ ಅಂಕ ತೆರೆದು, ಎಲ್ಲಕ್ಕಿಂತ ಕಡಿಮೆ ಇರುವುದನ್ನು ನೋಡಿ. ಆ ಸೌಲಭ್ಯವೇ ಇಲ್ಲದ ಆ್ಯಪ್ ಈ ಕೆಲಸಕ್ಕೆ ಆಗಿಬರುವುದಿಲ್ಲ.

ನೀವು ಮಾಡಬೇಕಾದ್ದು

ಅಭ್ಯಾಸಕ್ಕೆ ಮೊದಲು ಆ್ಯಪ್‌ಗೇ ಪರೀಕ್ಷೆ ಇಡಿ. ‘ಪೆರ್ರೊ’ ಪಾಠ ತೆರೆದು ಬೇಕೆಂದೇ ‘ಪೆರೊ’ ಎನ್ನಿ. ‘ರ್ರ’ದ ಅಂಕ ಎದ್ದು ಕಾಣುವಂತೆ ಬೀಳಬೇಕು. ಬೀಳದಿದ್ದರೆ ಆ ಆ್ಯಪ್ ಈ ವ್ಯತ್ಯಾಸವನ್ನು ಅಳೆಯುತ್ತಲೇ ಇಲ್ಲ. ಗುರುತಿಸಿದ ಪಠ್ಯವನ್ನು ಪಾಠದ ಪದದೊಂದಿಗೆ ಹೋಲಿಸಿ ಸುಮ್ಮನಾಗುತ್ತಿರಬಹುದು. ಹೊಸ ಧ್ವನಿ ಕಲಿಯಲು ಕೂತಾಗಲೆಲ್ಲ ಈ ಪರೀಕ್ಷೆ ಮಾಡಿ.

ಮೈಕ್ ಬಾಯಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿರಲಿ, ಉಸಿರು ನೇರ ಬಡಿಯದಂತೆ ತುಸು ಪಕ್ಕಕ್ಕಿರಲಿ. ಫ್ಯಾನ್ ಆರಿಸಿ.

ಆಮೇಲೆ ಒಂದೇ ಪದವನ್ನು ಐದು ಸಲ ಹೇಳಿ, ಅಂಕ ಬರೆದುಕೊಳ್ಳಿ. ಐದೂ ಸಲ ‘ರ್ರ’ದಲ್ಲೇ ಬಿದ್ದರೆ ತಿದ್ದಬೇಕಾದ್ದು ನಾಲಿಗೆ. ಒಮ್ಮೆ ‘ಪ’, ಒಮ್ಮೆ ‘ಒ’ ಎಂದು ಜಾಗ ಬದಲಾಗುತ್ತಿದ್ದರೆ ಗದ್ದಲ ಇರಬೇಕು ಅಥವಾ ಯಂತ್ರ ಎಳೆದ ಗೆರೆ ತಪ್ಪಿರಬೇಕು. ಗಿಡ್ಡ ಧ್ವನಿಗಳಲ್ಲಿ ಏರಿಳಿತ ಸಹಜವಾಗಿಯೇ ಹೆಚ್ಚು. ಒಂಟಿ ‘ರ’ ಇರುವುದೇ ಸುಮಾರು 20 ಮಿಲಿಸೆಕೆಂಡು, ಎಂದರೆ ಎರಡು ಮೂರು ಹೆಜ್ಜೆ. ಅದರಲ್ಲಿ ಒಂದು ಹೆಜ್ಜೆ ಕೆಟ್ಟರೂ ಅಂಕ ಜಾರುತ್ತದೆ. ಹಾಗಾಗಿ ಒಂದು ಸಲದ ಅಂಕ ನಂಬಬೇಡಿ, ಐದರ ನಡುವಿನದನ್ನು ಹಿಡಿಯಿರಿ.

ಅಂಕದ ಆಸೆಗೆ ‘ಪೆರ್‍ರ್‍ರ್‍ರೊ’ ಎಂದು ಎಳೆಯುವ ಚಟ ಬೇಗ ಹತ್ತುತ್ತದೆ. ಧ್ವನಿಯ ಅಂಕ ಏರಬಹುದು, ಆದರೆ ಮಾತು ಕೃತಕವಾಗುತ್ತದೆ. ಬಿಡಿ ಪದದಲ್ಲಿ ಹಿಡಿತ ಬಂದ ಕೂಡಲೇ ವಾಕ್ಯಕ್ಕೆ ಹೋಗಿ. ನಿರರ್ಗಳತೆಯ ಅಂಕ ಬೇರೆಯೇ ಲೆಕ್ಕ. ಅದು ನೋಡುವುದು ಹೆಚ್ಚಾಗಿ ವೇಗವನ್ನೂ ನಡುವಿನ ತಡೆಗಳನ್ನೂ.

ಆ್ಯಪ್ ತಪ್ಪು ಎನ್ನುತ್ತಿದೆ, ಕಿವಿ ಸರಿ ಎನ್ನುತ್ತಿದೆ ಎಂದಾದರೆ ಪ್ರಾಟ್ ಎಂಬ ಉಚಿತ ತಂತ್ರಾಂಶ ಬಳಸಿ. ಆ್ಯಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ್ದು ಅದು. ಧ್ವನಿಮುದ್ರಣ ತೆರೆದು, ಎರಡು ಸ್ವರಗಳ ನಡುವಿನ ಜಾಗವನ್ನು ಹಿಗ್ಗಿಸಿ ನೋಡಿ. ನಾಲಿಗೆ ವಸಡಿಗೆ ತಟ್ಟಿದಾಗಲೆಲ್ಲ ಸದ್ದು ಕ್ಷಣಕಾಲ ಕುಗ್ಗಿ, ಚಿತ್ರದಲ್ಲಿ ಒಂದು ತೆಳುವಾದ ಪಟ್ಟಿ ಬೀಳುತ್ತದೆ. ಒಂದೇ ಪಟ್ಟಿ ಇದ್ದರೆ ನೀವು ಹೇಳಿದ್ದು ‘ಪೆರೊ’. ಎರಡು ಅಥವಾ ಮೂರು ಇದ್ದರೆ, ಆ್ಯಪ್ ಎಷ್ಟೇ ಕಡಿಮೆ ಅಂಕ ಕೊಟ್ಟಿರಲಿ, ನಿಮ್ಮ ನಾಲಿಗೆ ಅದುರಿದೆ.