ಹೊಟ್ಟೆಯ ಮೂರು ಒಂಟಿ ರಕ್ತನಾಳ: ಚಿತ್ರ ಬಿಡಿಸುವುದು ಹೇಗೆ?

ಮೆಡಿಕಲ್ ಮೊದಲ ವರ್ಷದ ಮಕ್ಕಳಿಗೆ ಕರುಳಿನ ರಕ್ತನಾಳ ಅಂದರೆ ಒಂದು ಉದ್ದನೆಯ ಹೆಸರಿನ ಪಟ್ಟಿ. ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ವೈವಾದಲ್ಲಿ ಪಟಪಟನೆ ಒಪ್ಪಿಸುತ್ತಾರೆ. ‘ಸರಿ, ಇದೇ ನಾಳ ಇಲ್ಲಿ ಕಟ್ಟಿಕೊಂಡರೆ ಯಾವ ಕರುಳು ಸಾಯುತ್ತೆ, ಯಾವುದು ಉಳಿಯುತ್ತೆ?’ ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಬೆಂಗಳೂರಿನ ಕಾಲೇಜೊಂದರಲ್ಲಿ ಅನಾಟಮಿ ಹೇಳಿಕೊಡುವ ನಾನು ಅದಕ್ಕೇ ಪಟ್ಟಿ ಕೊಡುವುದಿಲ್ಲ, ಹಾಳೆ ಕೊಡುತ್ತೇನೆ. ಒಂದು ಎ4 ಹಾಳೆ, ಸ್ಕೇಲು, ಪೆನ್ಸಿಲ್, ಮೂರು ಬಣ್ಣದ ಪೆನ್ನು ಇದ್ದರೆ ಸಾಕು.

ಗೆರೆ ಎಳೆಯಿರಿ, ಅಸಲಿ ಅಳತೆಯಲ್ಲಿ

ಹಾಳೆಯ ನಡುವೆ ಮೇಲಿನಿಂದ ಕೆಳಕ್ಕೆ 13 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಪಟ್ಟಿ ಬಿಡಿಸಿ. ಹೊಟ್ಟೆಯೊಳಗಿನ ಮಹಾಪಧಮನಿ, ಅಂದರೆ ಅಯೋರ್ಟಾ, ಹೆಚ್ಚುಕಡಿಮೆ ಇಷ್ಟೇ ಇರುವುದು. ಎದೆಯ 12ನೇ ಕಶೇರುವಿನ ಮಟ್ಟದಲ್ಲಿ ವಪೆಯನ್ನು ದಾಟಿ ಒಳಗೆ ಬರುತ್ತದೆ. ಸೊಂಟದ 4ನೇ ಕಶೇರುವಿನ ಹತ್ತಿರ ಎರಡಾಗಿ ಕವಲೊಡೆದು ಕಾಲುಗಳ ಕಡೆ ಹೋಗುತ್ತದೆ. ಸುಮಾರಾಗಿ ಹೊಕ್ಕುಳಿನ ಮಟ್ಟ ಅದು.

ಈ ಪಟ್ಟಿಯ ಎದುರು ಮುಖದಿಂದ ಮೂರು ನಾಳಗಳು ಹೊರಡುತ್ತವೆ. ಮೂತ್ರಪಿಂಡದ ನಾಳಗಳಿಗೆ ಎಡಕ್ಕೊಂದು ಬಲಕ್ಕೊಂದು ಜೋಡಿ ಇದೆ. ಇವಕ್ಕೆ ಇಲ್ಲ. ಭ್ರೂಣದಲ್ಲಿ ಕರುಳು ನಡುಮಧ್ಯದಲ್ಲಿ ನೇತಾಡುವ ಒಂದೇ ಕೊಳವೆ. ಅದಕ್ಕೆ ರಕ್ತ ಬರುವುದೂ ಮಧ್ಯದಿಂದಲೇ.

ಪಟ್ಟಿಯ ತುದಿಯಿಂದ ಸ್ವಲ್ಪ ಕೆಳಗೆ ಮೊದಲ ಚುಕ್ಕೆ ಇಡಿ, ಅದು ಸೀಲಿಯಾಕ್ ಟ್ರಂಕ್. ಅದರಿಂದ 1 ಸೆಂ.ಮೀ. ಕೆಳಗೆ ಎರಡನೆಯದು, ಸುಪೀರಿಯರ್ ಮೆಸೆಂಟೆರಿಕ್. ಕಾಲೇಜಲ್ಲಿ ಎಲ್ಲರೂ ಎಸ್‌ಎಂಎ ಅನ್ನುತ್ತಾರೆ. ಮೂರನೆಯದನ್ನು ಕೆಳಗಿನ ಕವಲಿನಿಂದ 4 ಸೆಂ.ಮೀ. ಮೇಲೆ ಗುರುತಿಸಿ. ಇದು ಇನ್ಫೀರಿಯರ್ ಮೆಸೆಂಟೆರಿಕ್, ಅಥವಾ ಐಎಂಎ. ಅಳತೆ ಹಿಡಿದು ಬಿಡಿಸಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಮೊದಲೆರಡು ಅಂಟಿಕೊಂಡಂತೆ ಹತ್ತಿರ, ಮೂರನೆಯದು ಒಬ್ಬಂಟಿ.

ಇನ್ನೊಂದು ಮಾತು. ರೋಗಿ ನಿಮಗೆ ಎದುರಾಗಿ ಇದ್ದಾನೆ. ಅವನ ಎಡ ಹಾಳೆಯ ಬಲಕ್ಕೆ ಬರಬೇಕು. ‘ಎ’, ‘ಬ’ ಎಂದು ಮೂಲೆಯಲ್ಲಿ ಈಗಲೇ ಬರೆದುಕೊಳ್ಳಿ. ಗುಲ್ಮವನ್ನು ಲಿವರ್ ಜಾಗದಲ್ಲಿ ಬಿಡಿಸಿದ ಹಾಳೆಗಳು ಪ್ರತಿ ವರ್ಷ ಸಿಗುತ್ತವೆ.

ಹೆಸರಿಗಿಂತ ಮೊದಲು ಗಡಿ

ಈಗ ಜಠರ, ಸಣ್ಣ ಕರುಳು, ದೊಡ್ಡ ಕರುಳನ್ನು ಪೆನ್ಸಿಲ್‌ನಲ್ಲಿ ತೆಳುವಾಗಿ ಬಿಡಿಸಿ. ಚೆಂದ ಬರಬೇಕೆಂದಿಲ್ಲ. ಅದರ ಮೇಲೆ ಎರಡು ಅಡ್ಡಗೆರೆ ಹಾಕಿ. ಇಡೀ ಚಿತ್ರದ ಕೀಲಿ ಈ ಎರಡು ಗೆರೆಗಳಲ್ಲಿದೆ.

ಮೊದಲ ಗೆರೆ ಡುವೊಡಿನಮ್‌ನ ಎರಡನೇ ಭಾಗದ ಮಧ್ಯೆ, ಪಿತ್ತನಾಳ ಬಂದು ತೆರೆದುಕೊಳ್ಳುವ ಪುಟ್ಟ ಉಬ್ಬಿನ ಹತ್ತಿರ. ಅದರ ಮೇಲಿನದು ಮುಂಗರುಳು. ಎರಡನೇ ಗೆರೆ ದೊಡ್ಡ ಕರುಳಿನ ಅಡ್ಡ ಭಾಗದ ಮೇಲೆ, ಬಲಗಡೆಯ ಮೂರನೇ ಎರಡು ಪಾಲು ಮುಗಿದು ಎಡಗಡೆಯ ಒಂದು ಪಾಲು ಶುರುವಾಗುವಲ್ಲಿ. ಎರಡು ಗೆರೆಗಳ ನಡುವಿನದೆಲ್ಲ ನಡುಗರುಳು. ಅಲ್ಲಿಂದ ಗುದನಾಳದ ಮೇಲ್ಭಾಗದವರೆಗೆ ಹಿಂಗರುಳು. ಮುಂಗರುಳಿಗೆ ಸೀಲಿಯಾಕ್, ನಡುಗರುಳಿಗೆ ಎಸ್‌ಎಂಎ, ಹಿಂಗರುಳಿಗೆ ಐಎಂಎ. ಮೂರಕ್ಕೂ ಬೇರೆ ಬೇರೆ ಬಣ್ಣ ಕೊಡಿ.

ಒಂದು ವಿನಾಯಿತಿ ಇದೆ. ಗುಲ್ಮ ಮುಂಗರುಳಿನಿಂದ ಹುಟ್ಟಿದ್ದಲ್ಲ. ಆದರೂ ಅದಕ್ಕೆ ರಕ್ತ ಸೀಲಿಯಾಕ್‌ನಿಂದಲೇ. ಜಠರದ ಹಿಂದಿನ ಪೊರೆಯಲ್ಲಿ ಬೆಳೆದದ್ದರಿಂದ ಅಲ್ಲಿ ಹರಿಯುವ ನಾಳವನ್ನೇ ಬಳಸಿಕೊಂಡಿದೆ.

ಸೀಲಿಯಾಕ್: ಗಿಡ್ಡ ಕಾಂಡ, ಮೂರು ಕವಲು

ಕಾಂಡವನ್ನು 1 ಸೆಂ.ಮೀ.ಗಿಂತ ಜಾಸ್ತಿ ಎಳೆಯಬೇಡಿ. ಕೂಡಲೇ ಮೂರಾಗುತ್ತದೆ. ಸಣ್ಣದು ಲೆಫ್ಟ್ ಗ್ಯಾಸ್ಟ್ರಿಕ್. ಅದು ಮೊದಲು ಅನ್ನನಾಳದ ಕಡೆ ಏರಿ, ಆಮೇಲೆ ಜಠರದ ಚಿಕ್ಕ ಬಾಗಿನ ಗುಂಟ ಇಳಿಯುತ್ತದೆ. ದೊಡ್ಡದು ಗುಲ್ಮದ ನಾಳ. ಪ್ಯಾಂಕ್ರಿಯಾಸ್‌ನ ಮೇಲಂಚಿನಲ್ಲಿ ಸುತ್ತಿ ಬಳಸಿ ಎಡಕ್ಕೆ ಹೋಗುತ್ತದೆ, ಗೆರೆಯನ್ನು ಅಂಕುಡೊಂಕಾಗಿಯೇ ಎಳೆಯಿರಿ. ದಾರಿಯಲ್ಲಿ ಪ್ಯಾಂಕ್ರಿಯಾಸ್‌ಗೆ, ಕೊನೆಯಲ್ಲಿ ಜಠರದ ಎಡ ಮೇಲ್ಭಾಗಕ್ಕೆ ಮತ್ತು ದೊಡ್ಡ ಬಾಗಿಗೆ ಕವಲು ಕೊಡುತ್ತದೆ.

ಮೂರನೆಯದು ಕಾಮನ್ ಹೆಪಾಟಿಕ್. ಬಲಕ್ಕೆ ಹೋಗಿ ಎರಡಾಗುತ್ತದೆ. ಒಂದು ಮೇಲೇರಿ ಲಿವರ್‌ಗೆ, ಪಿತ್ತಕೋಶಕ್ಕೆ. ಇನ್ನೊಂದು, ಗ್ಯಾಸ್ಟ್ರೊಡುವೊಡಿನಲ್, ಡುವೊಡಿನಮ್‌ನ ಮೊದಲ ಭಾಗದ ಬೆನ್ನಿಗೆ ಅಂಟಿಕೊಂಡು ಇಳಿಯುತ್ತದೆ. ಇದನ್ನು ದಪ್ಪವಾಗಿ ಬಿಡಿಸಿ. ಅಲ್ಲಿನ ಹಿಂಗೋಡೆಯ ಹುಣ್ಣು ಆಳಕ್ಕೆ ಕೊರೆದರೆ ಸಿಗುವುದು ಇದೇ ನಾಳ. ಆಗ ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ. ಮುಂಗೋಡೆಯ ಹುಣ್ಣಿನ ಎದುರು ದೊಡ್ಡ ನಾಳ ಇಲ್ಲ. ಅದು ಕೊರೆದರೆ ತೂತಾಗಿ ಹೊಟ್ಟೆಯೊಳಕ್ಕೆ ಸೋರುತ್ತದೆ. ಒಂದೇ ಹುಣ್ಣು ಹಿಂದಿದ್ದರೆ ಒಂದು ಕಾಯಿಲೆ, ಮುಂದಿದ್ದರೆ ಇನ್ನೊಂದು.

ಎಸ್‌ಎಂಎ: ನಿಧಾನವಾಗಿ ಬಿಡಿಸಿ

ಡಿಸೆಕ್ಷನ್ ಹಾಲಿನಲ್ಲಿ ದೊಡ್ಡ ಕರುಳಿನ ಅಡ್ಡ ಭಾಗವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಎದೆಯ ಮೇಲೆ ಮಡಚಿ ಇಟ್ಟರೆ ಎಸ್‌ಎಂಎ ಹಾದಿ ಕಾಣುತ್ತದೆ. ಪ್ಯಾಂಕ್ರಿಯಾಸ್‌ನ ಕುತ್ತಿಗೆಯ ಹಿಂದಿನಿಂದ ಇಣುಕಿ, ಡುವೊಡಿನಮ್‌ನ ಮೂರನೇ ಭಾಗದ ಮುಂದೆ ದಾಟಿ, ಸಣ್ಣ ಕರುಳಿನ ಪೊರೆಯೊಳಗೆ ಇಳಿಯುತ್ತದೆ. ಅಯೋರ್ಟಾದಿಂದ ಕಿರಿದಾದ ಕೋನದಲ್ಲಿ, ಬಹುಪಾಲು ಕೆಳಮುಖವಾಗಿಯೇ ಹೊರಡುವ ನಾಳ ಇದು. ಈ ಕೋನ ನೆನಪಿರಲಿ.

ಎಡಬದಿಯಿಂದ ಹತ್ತಕ್ಕೂ ಹೆಚ್ಚು ಕವಲು ಬಾಚಣಿಗೆಯಂತೆ ಹೊರಟು ಸಣ್ಣ ಕರುಳಿಗೆ ಹೋಗುತ್ತವೆ. ಬಲಬದಿಯಿಂದ ಮೇಲಿನಿಂದ ಕೆಳಕ್ಕೆ ಮಿಡ್ಲ್ ಕೋಲಿಕ್, ರೈಟ್ ಕೋಲಿಕ್, ಇಲಿಯೊಕೋಲಿಕ್. ಅಪೆಂಡಿಕ್ಸ್‌ನ ನಾಳ ಹುಟ್ಟುವುದು ಕೊನೆಯದರಿಂದ. ಇವಕ್ಕಿಂತ ಮೊದಲು ಒಂದು ಸಣ್ಣ ಕವಲು ಪ್ಯಾಂಕ್ರಿಯಾಸ್ ತಲೆಯ ಕಡೆ ಹೋಗುತ್ತದೆ. ಅದನ್ನು ಬಿಡಬೇಡಿ, ಮುಂದೆ ಬೇಕಾಗುತ್ತದೆ.

ಸಣ್ಣ ಕರುಳಿಗೆ ಎಡದಿಂದ, ದೊಡ್ಡ ಕರುಳಿಗೆ ಬಲದಿಂದ ಯಾಕೆ? ಭ್ರೂಣದಲ್ಲಿ ನಡುಗರುಳು ಉದ್ದ ಬೆಳೆದು ಹೊಕ್ಕುಳಬಳ್ಳಿಯೊಳಕ್ಕೆ ಹೊರಚಾಚುತ್ತದೆ. ಆಮೇಲೆ ಎಸ್‌ಎಂಎಯನ್ನೇ ಅಚ್ಚು ಮಾಡಿಕೊಂಡು, ಎದುರಿನಿಂದ ನೋಡಿದರೆ ಗಡಿಯಾರದ ವಿರುದ್ಧ ದಿಕ್ಕಿಗೆ, ಒಟ್ಟು 270 ಡಿಗ್ರಿ ತಿರುಗಿ ಒಳಗೆ ವಾಪಸಾಗುತ್ತದೆ. ಮೇಲಿದ್ದ ಡುವೊಡಿನಮ್ ನಾಳದ ಹಿಂದೆ ಸೇರುತ್ತದೆ, ಕೆಳಗಿದ್ದ ದೊಡ್ಡ ಕರುಳು ಮುಂದೆ ಬಂದು ಬಲಕ್ಕೆ ಕೂರುತ್ತದೆ. ಈ ತಿರುಗುವಿಕೆ ಅರ್ಧಕ್ಕೆ ನಿಂತ ಮಕ್ಕಳಲ್ಲಿ ಕರುಳಿನ ಬುಡ ಕಿರಿದಾಗಿ ಉಳಿದು, ಎಸ್‌ಎಂಎ ಸಮೇತ ತಿರುಚಿಕೊಳ್ಳುವ ಅಪಾಯ ಇದೆ. ಹುಟ್ಟಿದ ಕೂಸು ಹಸಿರು ವಾಂತಿ ಮಾಡಿದರೆ ಡಾಕ್ಟರುಗಳು ಓಡಾಡುವುದು ಇದಕ್ಕೇ.

ಐಎಂಎ: ಎರಡು ನಿಮಿಷದ ಕೆಲಸ

ಎಡಕ್ಕೆ ಇಳಿಯುವ ಗೆರೆ ಎಳೆದು ಲೆಫ್ಟ್ ಕೋಲಿಕ್, ಎರಡರಿಂದ ನಾಲ್ಕು ಸಿಗ್ಮಾಯ್ಡ್ ಕವಲು, ಕೊನೆಗೆ ಸುಪೀರಿಯರ್ ರೆಕ್ಟಲ್ ಬರೆಯಿರಿ. ಮುಗಿಯಿತು.

ಬೆಸುಗೆಗಳನ್ನು ಸೇರಿಸಿ

ಬಹಳ ಜನ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಆದರೆ ಮೂರು ನಾಳಗಳೂ ಗಡಿಯಲ್ಲಿ ಕೈ ಹಿಡಿದುಕೊಂಡಿವೆ. ಮೊದಲ ಗಡಿಯಲ್ಲಿ, ಪ್ಯಾಂಕ್ರಿಯಾಸ್ ತಲೆಯ ಸುತ್ತ, ಗ್ಯಾಸ್ಟ್ರೊಡುವೊಡಿನಲ್‌ನ ಮರಿಕವಲುಗಳು ಎಸ್‌ಎಂಎಯ ಆ ಸಣ್ಣ ಕವಲನ್ನು ಕೂಡುತ್ತವೆ. ಎರಡನೇ ಗಡಿಯಲ್ಲಿ ಮಿಡ್ಲ್ ಕೋಲಿಕ್ ಮತ್ತು ಲೆಫ್ಟ್ ಕೋಲಿಕ್ ಸೇರುತ್ತವೆ. ದೊಡ್ಡ ಕರುಳಿನ ಅಂಚಿನಲ್ಲೇ ಸಾಗುವ ಆ ನಾಳದ ಹೆಸರು ಮಾರ್ಜಿನಲ್ ಆರ್ಟರಿ. ಈ ಬೆಸುಗೆ ಗುಲ್ಮದ ಬಳಿಯ ತಿರುವಿನಲ್ಲಿ ಕೆಲವರಿಗೆ ತೀರಾ ತೆಳು, ಕೆಲವರಿಗೆ ಇಲ್ಲವೇ ಇಲ್ಲ. ರಕ್ತದ ಒತ್ತಡ ಬಿದ್ದಾಗ ದೊಡ್ಡ ಕರುಳು ಆ ತಿರುವಿನಲ್ಲೇ ಹೆಚ್ಚಾಗಿ ಘಾಸಿಗೊಳ್ಳುವುದು ಅದಕ್ಕೆ.

ಚಿತ್ರವನ್ನು ಓದಿ ನೋಡೋಣ

ಒಂದು ಉದಾಹರಣೆ. ಮಲ್ಲೇಶ್ವರದ 70 ದಾಟಿದ ಅಜ್ಜಿ ಎಂದುಕೊಳ್ಳಿ. ಹೃದಯದ ಬಡಿತ ಏರುಪೇರಿದೆ, ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟಿದ್ದಾರೆ. ಬೆಳಿಗ್ಗೆ ಇದ್ದಕ್ಕಿದ್ದಂತೆ ಹೊಕ್ಕುಳಿನ ಸುತ್ತ ಜೀವ ಹೋಗುವಂಥ ನೋವು, ಒಂದು ಸಲ ವಾಂತಿ. ‘ಎಲ್ಲಿ ನೋವಮ್ಮ?’ ಎಂದು ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿದೆ. ಅಜ್ಜಿ ಒದ್ದಾಡುತ್ತಿದ್ದಾರೆ, ಕೈಗೆ ಮಾತ್ರ ಏನೂ ಸಿಗುತ್ತಿಲ್ಲ.

ಹಾಳೆ ನೋಡಿ. ಹೊಕ್ಕುಳಿನ ಸುತ್ತ ನೋವು ಅಂದರೆ ನಡುಗರುಳು, ಅಂದರೆ ಎಸ್‌ಎಂಎ. ಮುಂಗರುಳಿನ ನೋವು ಎದೆಗೂಡಿನ ಕೆಳಗೆ, ಹಿಂಗರುಳಿನದು ಕಿಬ್ಬೊಟ್ಟೆಯ ನಡುವೆ ಬರುತ್ತದೆ. ಕರುಳಿನ ನೋವಿನ ನರಗಳು ಬಹುತೇಕ ಇದೇ ನಾಳಗಳ ಗುಂಟ ವಾಪಸಾಗುತ್ತವೆ. ಹೃದಯದಲ್ಲಿ ಕಟ್ಟಿದ ಹೆಪ್ಪು ಅಯೋರ್ಟಾದಲ್ಲಿ ತೇಲಿ ಬಂದರೆ, ಕೆಳಮುಖವಾಗಿ ತೆರೆದ ಎಸ್‌ಎಂಎಯೊಳಕ್ಕೆ ನೇರ ಜಾರುತ್ತದೆ. ಕೋನ ನೆನಪಿರಲಿ ಅಂದದ್ದು ಇದಕ್ಕೆ.

ಬಣ್ಣದ ದ್ರವ ಕೊಟ್ಟು ಸಿಟಿ ಮಾಡಿದಾಗ ಎಸ್‌ಎಂಎ ಕೆಲವು ಸೆಂ.ಮೀ. ಚೆನ್ನಾಗಿ ತುಂಬಿ, ಆಮೇಲೆ ಕತ್ತರಿಸಿದಂತೆ ನಿಂತಿದೆ. ಹೆಪ್ಪು ಬಾಯಿಯಲ್ಲೇ ಸಿಕ್ಕಿಕೊಳ್ಳುವುದಕ್ಕಿಂತ ಮಿಡ್ಲ್ ಕೋಲಿಕ್ ದಾಟಿ, ನಾಳ ಸಣ್ಣದಾಗುವಲ್ಲಿ ಸಿಕ್ಕಿಕೊಳ್ಳುವುದೇ ಜಾಸ್ತಿ. ಆ ಜಾಗಕ್ಕೆ ನಿಮ್ಮ ಹಾಳೆಯಲ್ಲಿ ಕಾಟು ಹೊಡೆಯಿರಿ. ಕಾಟಿನ ಮೇಲಿನ ಕವಲುಗಳಲ್ಲಿ ರಕ್ತ ಇದೆ, ಹಾಗಾಗಿ ಡುವೊಡಿನಮ್, ಸಣ್ಣ ಕರುಳಿನ ಮೊದಲ ತುಂಡು, ದೊಡ್ಡ ಕರುಳಿನ ಅಡ್ಡ ಭಾಗ ಉಳಿಯುತ್ತವೆ. ಕೆಳಗಿನ ಸಣ್ಣ ಕರುಳು, ಅಪೆಂಡಿಕ್ಸ್, ಬಲಗಡೆಯ ದೊಡ್ಡ ಕರುಳು ಅಪಾಯದಲ್ಲಿವೆ. ಸರ್ಜನ್ ಹೊಟ್ಟೆ ತೆರೆದಾಗ ಮಬ್ಬು ನೀಲಿ ಬಣ್ಣ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನೋಡಿಯೇ ಹೆಪ್ಪು ಎಲ್ಲಿದೆ ಎಂದು ಹೇಳಬಲ್ಲರು.

ಅದೇ ಎಸ್‌ಎಂಎ ವರ್ಷಗಟ್ಟಲೆ ಕೊಬ್ಬು ಕಟ್ಟಿ ಬುಡದಲ್ಲೇ ಸಣ್ಣಗಾಗುತ್ತಾ ಬಂದಿದ್ದರೆ ಕಥೆ ಬೇರೆ. ಬೆಸುಗೆಗಳು ಅಷ್ಟರಲ್ಲಿ ದಪ್ಪವಾಗಿರುತ್ತವೆ. ಸೀಲಿಯಾಕ್ ಮೇಲಿನಿಂದ, ಐಎಂಎ ಕೆಳಗಿನಿಂದ ರಕ್ತ ಕೊಡುತ್ತವೆ. ಅಂಥವರಿಗೆ ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ನೋಯುತ್ತದೆ, ತಿನ್ನಲು ಹೆದರಿ ತೂಕ ಇಳಿಯುತ್ತದೆ, ಕರುಳು ಮಾತ್ರ ಬದುಕಿರುತ್ತದೆ. ಅಜ್ಜಿಯ ಬೆಸುಗೆಗಳಿಗೆ ದಪ್ಪವಾಗಲು ಸಮಯವೇ ಸಿಗಲಿಲ್ಲ. ಹೊಟ್ಟೆ ಗಟ್ಟಿಯಾಗಿ, ಮಲದಲ್ಲಿ ರಕ್ತ ಬರುವ ಹೊತ್ತಿಗೆ ಕರುಳು ಬಹಳಷ್ಟು ಸತ್ತಿರುತ್ತದೆ. ಮೆತ್ತಗಿನ ಹೊಟ್ಟೆ, ತಾಳಲಾರದ ನೋವು ಎರಡೂ ಒಟ್ಟಿಗೆ ಇದ್ದಾಗಲೇ ಸಿಟಿಗೆ ಕಳಿಸಬೇಕು.

ಚಿತ್ರಕ್ಕೂ ಮಿತಿ ಇದೆ. ರೈಟ್ ಕೋಲಿಕ್ ಎಷ್ಟೋ ಜನರಲ್ಲಿ ಎಸ್‌ಎಂಎಯಿಂದ ನೇರ ಹುಟ್ಟುವುದಿಲ್ಲ, ಪಕ್ಕದ ಕವಲಿನಿಂದ ಬರುತ್ತದೆ. ಹತ್ತರಲ್ಲಿ ಒಬ್ಬರಿಗಾದರೂ ಲಿವರ್‌ನ ಬಲಭಾಗದ ನಾಳ ಸೀಲಿಯಾಕ್ ಬದಲು ಎಸ್‌ಎಂಎಯಿಂದ ಹೊರಟು, ಪ್ಯಾಂಕ್ರಿಯಾಸ್ ತಲೆಯ ಹಿಂದೆ ಏರುತ್ತದೆ. ಪ್ಯಾಂಕ್ರಿಯಾಸ್ ತಲೆಯನ್ನು ತೆಗೆಯುವ ಆಪರೇಷನ್‌ಗೆ ಮೊದಲು ಸಿಟಿಯಲ್ಲಿ ಇದನ್ನೇ ಹುಡುಕುತ್ತಾರೆ. ನಿಮ್ಮ ಹಾಳೆಯಲ್ಲೂ ಈ ನಾಳವನ್ನು ಚುಕ್ಕೆಗೆರೆಯಲ್ಲಿ ಸೇರಿಸಿಬಿಡಿ.